ಎಚ್‌ಒಡಿ ಹೊಣೆ ಬಿಡಬೇಕು, ಆಸ್ಪತ್ರೆ ಬಿಡಬಾರದು: ಪತ್ರ ಬರೆಯುವುದರಿಂದ ಚಾರ್ಜ್ ಒಪ್ಪಿಸುವವರೆಗೆ

ವಿಭಾಗದ ಮುಖ್ಯಸ್ಥರ ಕೆಲಸ ಸಾಕು, ರೋಗಿಗಳನ್ನು ನೋಡಿಕೊಂಡು ಇರುತ್ತೇನೆ ಎಂದು ತೀರ್ಮಾನ ಮಾಡಿದ ಡಾಕ್ಟರುಗಳು ಹೆಚ್ಚಾಗಿ ಎರಡು ಸಾಲಿನ ಪತ್ರ ಬರೆದು ಕೊಟ್ಟುಬಿಡುತ್ತಾರೆ. "ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ, ದಯವಿಟ್ಟು ಸ್ವೀಕರಿಸಿ." ಯಾವ ಹುದ್ದೆ ಅಂತ ಬರೆದವರಿಗೆ ಗೊತ್ತು. ಮೆಡಿಕಲ್ ಸೂಪರಿಂಟೆಂಡೆಂಟ್‌ಗೂ ಗೊತ್ತು. ಆದರೆ ಪತ್ರ ಅಲ್ಲಿಂದ ಎಚ್‌ಆರ್‌ಗೆ ಹೋಗುತ್ತದೆ. ಅಲ್ಲಿ ಕೂತವರಿಗೆ ಕಾಣುವುದು ಒಂದು ಹೆಸರು, ಒಂದು ಎಂಪ್ಲಾಯಿ ನಂಬರ್, "ರಾಜೀನಾಮೆ" ಎನ್ನುವ ಪದ. ಅವರು ತಮ್ಮ ಕೆಲಸ ಶುರು ಮಾಡುತ್ತಾರೆ: ನೋಟಿಸ್ ಪಿರಿಯಡ್ ಲೆಕ್ಕ, ಕೊನೆಯ ದಿನಾಂಕ, ನೋ ಡ್ಯೂಸ್ ಫಾರ್ಮ್. ಇದು ಯಾರ ದುರುದ್ದೇಶವೂ ಅಲ್ಲ. ಪತ್ರದಲ್ಲಿ ಬರೆದದ್ದೇ ಹಾಗಿದೆ.

ಈ ಮಾರ್ಗದರ್ಶಿ ಬರೆಯುತ್ತಿರುವುದು ಅದಕ್ಕೇ. ಒಂದು ಉದಾಹರಣೆ ಇಟ್ಟುಕೊಂಡು ಕೊನೆವರೆಗೂ ಹೋಗೋಣ. ಕರ್ನಾಟಕದ ಒಂದು ಖಾಸಗಿ ಮೆಡಿಕಲ್ ಕಾಲೇಜು ಆಸ್ಪತ್ರೆ ಅಂದುಕೊಳ್ಳಿ. ಅನಸ್ತೇಶಿಯಾ ವಿಭಾಗದ ಪ್ರೊಫೆಸರ್ ಮೇಡಂ ಒಬ್ಬರು ಅಲ್ಲಿ 12 ವರ್ಷದಿಂದ ಇದ್ದಾರೆ, ಈಚಿನ ನಾಲ್ಕು ವರ್ಷದಿಂದ ಎಚ್‌ಒಡಿ. ಓಟಿ ಕೆಲಸ, ಐಸಿಯು, ಪಿಜಿಗಳಿಗೆ ಪಾಠ ಎಲ್ಲ ಅವರಿಗೆ ಇಷ್ಟ. ಡ್ಯೂಟಿ ಲಿಸ್ಟ್, ರಜೆ ಜಗಳ, ಇಂಡೆಂಟ್, ಕಮಿಟಿ ಮೀಟಿಂಗ್ ಸಾಕಾಗಿದೆ. ಅನಸ್ತೇಶಿಯಾವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಎಚ್‌ಒಡಿ ಹೆಸರು ಎಷ್ಟೆಲ್ಲ ಕಾಗದದಲ್ಲಿ ಸೇರಿಕೊಂಡಿರುತ್ತದೆ ಎನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ನಿಮ್ಮ ಹಳೆಯ ಆದೇಶ ಹುಡುಕಿ

ಪತ್ರ ಬರೆಯಲು ಕೂರುವ ಮೊದಲು ಫೈಲ್ ತೆಗೆಯಿರಿ. ಎರಡು ಕಾಗದ ಬೇಕು. ಒಂದು, ಕೆಲಸಕ್ಕೆ ಸೇರಿದಾಗ ಕೊಟ್ಟ ನೇಮಕಾತಿ ಪತ್ರ. ಇನ್ನೊಂದು, ನಿಮ್ಮನ್ನು ಎಚ್‌ಒಡಿ ಮಾಡಿದ ಆದೇಶ.

ಎರಡೂ ಬೇರೆ ಬೇರೆ ಇದ್ದರೆ ದಾರಿ ಸಲೀಸು. ನಮ್ಮ ಮೇಡಂ ಸೇರಿದ್ದು ಅಸೋಸಿಯೇಟ್ ಪ್ರೊಫೆಸರ್ ಆಗಿ, ಆಮೇಲೆ ಪ್ರೊಫೆಸರ್ ಆಗಿ ಬಡ್ತಿ ಸಿಕ್ಕಿತು, ನಂತರ ಪ್ರಿನ್ಸಿಪಾಲರ ಸಹಿಯಲ್ಲಿ ಎಚ್‌ಒಡಿ ಆದೇಶ ಬಂತು. ಅಂದರೆ ಹೊಣೆ ಮೇಲಿಂದ ಬಂದದ್ದು, ಕೆಲಸ ಕೆಳಗೆ ಹಾಗೇ ಇದೆ. ಆ ಒಂದು ಆದೇಶವನ್ನು ಹಿಂಪಡೆದರೆ ಸಾಕು.

ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಹೀಗಿರುವುದು ಕಡಿಮೆ. ಅಲ್ಲಿ "ಸೀನಿಯರ್ ಕನ್ಸಲ್ಟೆಂಟ್ ಮತ್ತು ವಿಭಾಗ ಮುಖ್ಯಸ್ಥ" ಎಂದು ಒಂದೇ ಕರಾರಿನಲ್ಲಿ ಬರೆದು, ಒಂದೇ ಮೊತ್ತ ಹಾಕಿರುತ್ತಾರೆ. ಆಗ ನೀವು ಒಂದು ಭಾಗವನ್ನು ಮಾತ್ರ ಕಿತ್ತು ವಾಪಸ್ ಕೊಡಲು ಆಗುವುದಿಲ್ಲ. ಕರಾರನ್ನೇ ತಿದ್ದಬೇಕು, ಅದಕ್ಕೆ ಆಡಳಿತ ಒಪ್ಪಬೇಕು. ಇಂಥವರು ಬರೆಯಬೇಕಾದದ್ದು ಕರಾರು ತಿದ್ದುಪಡಿ ಕೋರುವ ಪತ್ರ, ಮತ್ತು ತಿದ್ದಿದ ಕರಾರಿಗೆ ಎರಡೂ ಕಡೆಯ ಸಹಿ ಬೀಳುವವರೆಗೆ ಏನನ್ನೂ ಬಿಟ್ಟಿದ್ದೇನೆ ಎಂದು ಹೇಳಬಾರದು. ಕರಾರಿನಲ್ಲಿ ಗೊಂದಲ ಕಂಡರೆ ಸರ್ವಿಸ್ ವಿಷಯ ನೋಡುವ ವಕೀಲರಿಗೆ ಒಮ್ಮೆ ತೋರಿಸಿ.

ಆದೇಶದಲ್ಲಿ ಇನ್ನೊಂದು ನೋಡಿ: ಸಹಿ ಯಾರದ್ದು? ಹೊಣೆ ಕೊಟ್ಟವರೇ ಹೊಣೆ ಇಳಿಸಬೇಕು. ಪ್ರಿನ್ಸಿಪಾಲ್ ಕೊಟ್ಟ ಆದೇಶಕ್ಕೆ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಪತ್ರ ಕೊಟ್ಟರೆ ಅದು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಓಡಾಡಿಕೊಂಡು ಇರುತ್ತದೆ. ಸಹಿ ಮಾಡಿದವರಿಗೆ ಪತ್ರ, ಉಳಿದವರಿಗೆ ಪ್ರತಿ. ಸರ್ಕಾರಿ ಕಾಲೇಜಿನಲ್ಲಿದ್ದರೆ ಕ್ರಮ ಇನ್ನೂ ಬಿಗಿ. ಅಲ್ಲಿ ಸೂಕ್ತ ಮಾರ್ಗದ ಮೂಲಕವೇ ಹೋಗಬೇಕು, ಮತ್ತು ಮುಖ್ಯಸ್ಥರ ಆಯ್ಕೆಯಲ್ಲಿ ಸೀನಿಯಾರಿಟಿ ದೊಡ್ಡ ಮಾತು.

ದಿನಾಂಕ ಗೊತ್ತು ಮಾಡಿ

"ಆದಷ್ಟು ಬೇಗ ಬಿಡುಗಡೆ ಮಾಡಿ" ಎಂದು ಬರೆದರೆ ಅದು ಎಂದೂ ಆಗುವುದಿಲ್ಲ. "ಬದಲಿ ವ್ಯವಸ್ಥೆ ಆಗುವವರೆಗೆ ಮುಂದುವರಿಯುತ್ತೇನೆ" ಎಂದು ಬರೆದರಂತೂ ಮುಗಿಯಿತು, ಬದಲಿ ವ್ಯವಸ್ಥೆ ಮಾಡುವ ಅವಸರ ಯಾರಿಗೂ ಇರುವುದಿಲ್ಲ. ಒಂದು ತಾರೀಕು ಬರೆಯಿರಿ. ತಿಂಗಳ ಒಂದನೇ ತಾರೀಕು ಒಳ್ಳೆಯದು, ಏಕೆಂದರೆ ಡ್ಯೂಟಿ ಲಿಸ್ಟ್ ಮತ್ತು ಸಂಬಳ ಎರಡೂ ತಿಂಗಳ ಲೆಕ್ಕದಲ್ಲಿ ನಡೆಯುತ್ತವೆ. ಅರ್ಧ ತಿಂಗಳಲ್ಲಿ ಬಿಟ್ಟರೆ ಆ ತಿಂಗಳ ಲಿಸ್ಟ್ ನಿಮ್ಮ ತಲೆಗೇ ಇರುತ್ತದೆ.

ಪತ್ರ ಕೊಟ್ಟ ದಿನದಿಂದ ಎಂಟು ವಾರ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಹೊಸಬರನ್ನು ಗೊತ್ತು ಮಾಡಲು, ಸ್ಟಾಕ್ ಎಣಿಸಿ ಒಪ್ಪಿಸಲು ಅಷ್ಟು ಬೇಕಾಗುತ್ತದೆ. ನಮ್ಮ ಮೇಡಂ ಆಗಸ್ಟ್ ಮೊದಲ ವಾರ ಪತ್ರ ಕೊಟ್ಟು ಅಕ್ಟೋಬರ್ 1 ಎಂದು ಬರೆಯುತ್ತಾರೆ. ಪಿಜಿ ಪರೀಕ್ಷೆ, ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಎಲ್‌ಐಸಿಯ ಭೇಟಿ, ಎನ್‌ಎಂಸಿಗೆ ವಾರ್ಷಿಕ ಮಾಹಿತಿ ಸಲ್ಲಿಸುವ ದಿನಗಳು ಹತ್ತಿರ ಇದ್ದರೆ ಅದು ಮುಗಿದ ಮೇಲಿನ ತಾರೀಕು ಹಾಕಿ. ಆ ಕಾಗದಗಳಲ್ಲಿ ಮುಖ್ಯಸ್ಥರ ಹೆಸರು, ಸಹಿ ಬೇಕಾಗುತ್ತದೆ. ನಡುವೆ ಬಿಟ್ಟರೆ ಆಡಳಿತಕ್ಕೆ ನಿಮ್ಮನ್ನು ಹಿಡಿದಿಟ್ಟುಕೊಳ್ಳಲು ನ್ಯಾಯವಾದ ಕಾರಣ ನೀವೇ ಕೊಟ್ಟಂತೆ.

ಕ್ಲಿನಿಕಲ್ ಕೆಲಸ ಅಂದರೆ ಏನೇನು ಅಂತ ನೀವೇ ಬರೆಯಿರಿ

ಜಾಸ್ತಿ ಜನ ಜಾರುವುದು ಇಲ್ಲಿಯೇ. "ಕ್ಲಿನಿಕಲ್ ಸೇವೆ ಮುಂದುವರಿಸುತ್ತೇನೆ" ಎಂದಷ್ಟೇ ಬರೆದು ಸುಮ್ನೆ ಇರುತ್ತಾರೆ. ಆಮೇಲೆ ಹೊಸ ಎಚ್‌ಒಡಿಯ ಮೊದಲ ಡ್ಯೂಟಿ ಲಿಸ್ಟ್ ಬರುತ್ತದೆ. ಅದರಲ್ಲಿ ತಿಂಗಳಿಗೆ ಆರು ನೈಟ್ ಡ್ಯೂಟಿ ಇರುತ್ತದೆ! ಬಹಳ ಕಡೆ ಎಚ್‌ಒಡಿಗೆ ನೈಟ್ ಇರುವುದಿಲ್ಲ. ಆ ವಿನಾಯಿತಿ ಕುರ್ಚಿಗೆ ಇದ್ದದ್ದು, ನಿಮಗಲ್ಲ. ಕುರ್ಚಿ ಹೋದರೆ ಅದೂ ಹೋಗುತ್ತದೆ. ಹೋಗುವುದು ನ್ಯಾಯವೂ ಹೌದು, ನಾಲ್ಕು ಜನ ಮಾಡುವ ಕೆಲಸ ನಿಮಗೊಬ್ಬರಿಗೆ ಬೇಡ ಎನ್ನಲು ಆಗುವುದಿಲ್ಲ. ಆದರೆ ಎಷ್ಟು ನೈಟ್, ಯಾವ ಬಗೆಯದ್ದು ಎನ್ನುವುದನ್ನು ಈಗಲೇ ಮಾತಾಡಿಕೊಳ್ಳಬೇಕು. ಉಳಿದ ಪ್ರೊಫೆಸರುಗಳು ಆಸ್ಪತ್ರೆಯಲ್ಲೇ ಉಳಿಯುತ್ತಾರಾ, ಮನೆಯಿಂದ ಸೆಕೆಂಡ್ ಆನ್‌ಕಾಲ್ ಮಾಡುತ್ತಾರಾ? ನಿಮಗೂ ಅದೇ ಇರಲಿ ಎಂದು ಕೇಳಿ. ಅದಕ್ಕಿಂತ ಜಾಸ್ತಿ ಕೇಳಬೇಡಿ, ಕಡಿಮೆಗೂ ಒಪ್ಪಬೇಡಿ.

ಮೇಡಂ ಪಟ್ಟಿ ಹೀಗಿದೆ. ವಾರಕ್ಕೆ ನಾಲ್ಕು ದಿನ ಓಟಿ. ಒಂದು ದಿನ ಆಪರೇಷನ್‌ಗೆ ಮೊದಲು ರೋಗಿಗಳನ್ನು ನೋಡುವ ಪಿಎಸಿ ಒಪಿಡಿ. ಐಸಿಯು ರೌಂಡ್ಸ್ ಸರದಿಯಂತೆ. ಉಳಿದ ಪ್ರೊಫೆಸರುಗಳಷ್ಟೇ ಆನ್‌ಕಾಲ್. ಪಿಜಿ ಪಾಠ, ಮತ್ತು ಈಗ ಅವರ ಹತ್ತಿರ ಇರುವ ಪಿಜಿಗಳ ಥೀಸಿಸ್.

ಥೀಸಿಸ್ ವಿಷಯ ಪ್ರತ್ಯೇಕ ಸಾಲಿನಲ್ಲಿ ಇರಲಿ. ಗೈಡ್ ಎನ್ನುವ ಮಾನ್ಯತೆ ಅಧ್ಯಾಪಕರ ಹೆಸರಿಗೆ ಇರುವುದು, ಎಚ್‌ಒಡಿ ಕುರ್ಚಿಗೆ ಅಲ್ಲ. ಆದರೂ ಎರಡನೇ ವರ್ಷದ ಪಿಜಿಗಳು ಗಾಬರಿಯಾಗುತ್ತಾರೆ, ಬೇರೆಯವರಿಗೆ ವರ್ಗಾಯಿಸಿಬಿಡಲೇ ಎಂದು ಕಚೇರಿಯವರೂ ಕೇಳುತ್ತಾರೆ. ಒಂದು ಸಾಲು ಬರೆದರೆ ಆ ಗೊಂದಲವೇ ಇರುವುದಿಲ್ಲ.

ಸಂಬಳದಲ್ಲಿ ನೋಡಬೇಕಾದ ಒಂದೇ ಸಂಗತಿ

ಎಚ್‌ಒಡಿ ಭತ್ಯೆ ಹೋಗುತ್ತದೆ, ಅದು ಸರಿ. ಮೇಡಂಗೆ ತಿಂಗಳಿಗೆ 20,000 ಬರುತ್ತಿತ್ತು ಅಂದುಕೊಳ್ಳಿ. ಅದು ಪೇಸ್ಲಿಪ್‌ನಲ್ಲಿ ಬೇರೆ ಸಾಲಾಗಿ ಇದ್ದರೆ ಆ ಸಾಲು ತೆಗೆದರೆ ಆಯಿತು. ಕೆಲವು ಕಡೆ ಅದನ್ನು ಮೂಲ ವೇತನದಲ್ಲೇ ಸೇರಿಸಿರುತ್ತಾರೆ, ಅಥವಾ "ಸಂಬಳ ಮರುಹೊಂದಾಣಿಕೆ" ಎಂದು ಮೂಲ ವೇತನವನ್ನೇ ಇಳಿಸುತ್ತಾರೆ. ಇಲ್ಲಿ ಎಚ್ಚರ ಬೇಕು.

ಗ್ರಾಚುಟಿ ಲೆಕ್ಕ ಹಾಕುವುದು ಕೊನೆಯಲ್ಲಿ ಪಡೆದ ವೇತನದ ಮೇಲೆ. ಆ ಮೊತ್ತವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಬರುವ ವೇತನ 1,20,000 ಇದ್ದರೆ 12 ವರ್ಷಕ್ಕೆ ಸುಮಾರು 8,30,769 ರೂಪಾಯಿ. ಅದನ್ನು 1,00,000ಕ್ಕೆ ಇಳಿಸಿದರೆ ಸುಮಾರು 6,92,308. ಅಂದರೆ ಎಚ್‌ಒಡಿ ಆಗುವ ಮೊದಲು ದುಡಿದ ಎಂಟು ವರ್ಷದ ಗ್ರಾಚುಟಿಗೂ ಕತ್ತರಿ ಬೀಳುತ್ತದೆ. ಹಾಗಾಗಿ ಪತ್ರದಲ್ಲೇ ಬರೆಯಿರಿ: ಎಚ್‌ಒಡಿ ಭತ್ಯೆ ಬಿಟ್ಟು ಉಳಿದ ವೇತನ, ಸೀನಿಯಾರಿಟಿ, ಸೇವೆಯ ನಿರಂತರತೆ ಹಾಗೇ ಇರಬೇಕು. ಸಂಬಳದ ಬದಲು ಪ್ರೊಫೆಷನಲ್ ಫೀ ಪಡೆಯುವ ಕನ್ಸಲ್ಟೆಂಟರಿಗೆ ಸಾಮಾನ್ಯವಾಗಿ ಗ್ರಾಚುಟಿ ಇರುವುದಿಲ್ಲ. ಅವರು ನೋಡಬೇಕಾದದ್ದು ಮಿನಿಮಮ್ ಗ್ಯಾರಂಟಿ ಮೊತ್ತ ಎಷ್ಟಕ್ಕೆ ಇಳಿಯುತ್ತದೆ ಎನ್ನುವುದನ್ನು.

ಪತ್ರಕ್ಕೆ ಮೊದಲು ಒಂದು ಮಾತು

ಪತ್ರವನ್ನು ಏಕಾಏಕಿ ಟಪಾಲಿನಲ್ಲಿ ಹಾಕಬೇಡಿ. ಪ್ರಿನ್ಸಿಪಾಲರ ಚೇಂಬರಿಗೆ ಹೋಗಿ ಹೇಳಿ, ಪತ್ರವನ್ನು ಅಂದೇ ಅಥವಾ ಮರುದಿನವೇ ಕೊಡಿ. ಬರೀ ಮಾತಿನಲ್ಲಿ ಬಿಟ್ಟರೆ ತಿಂಗಳುಗಟ್ಟಲೆ ಮಾತಿನಲ್ಲೇ ಇರುತ್ತದೆ. ಅವರು ಏನು ಹೇಳುತ್ತಾರೆ ಎನ್ನುವುದೂ ಗೊತ್ತೇ ಇದೆ.

"ಏನ್ ಮೇಡಂ, ಈಗಲೇ ಯಾಕೆ? ಇನ್ನೊಂದು ಆರು ತಿಂಗಳು ನೋಡಿ, ಆಮೇಲೆ ಯೋಚನೆ ಮಾಡೋಣ."

"ಇಲ್ಲ ಸರ್, ಯೋಚನೆ ಮಾಡಿಯೇ ಬಂದಿದ್ದೇನೆ. ಓಟಿ, ಐಸಿಯು, ಪಿಜಿ ಪಾಠ ಯಾವುದನ್ನೂ ಬಿಡುವುದಿಲ್ಲ. ಅಕ್ಟೋಬರ್ ಒಂದರಿಂದ ಬೇರೆಯವರಿಗೆ ಚಾರ್ಜ್ ಕೊಡಿ, ಅಲ್ಲಿಯವರೆಗೆ ಎಲ್ಲ ನಾನೇ ನೋಡಿಕೊಳ್ಳುತ್ತೇನೆ."

ಇಷ್ಟು ಸಾಕು. ಯಾರ ಮೇಲೂ ದೂರು ಹೇಳಬೇಡಿ, ಯಾರನ್ನೂ ಮುಂದಿನ ಎಚ್‌ಒಡಿ ಎಂದು ಒತ್ತಾಯ ಮಾಡಬೇಡಿ. ಕೇಳಿದರೆ ಮಾತ್ರ ಹೆಸರು ಹೇಳಿ. ನೀವು ಸೂಚಿಸಿದವರಿಗೆ ಅರ್ಹತೆ ಇಲ್ಲದಿದ್ದರೆ, ಪಿಜಿ ಇರುವ ವಿಭಾಗಕ್ಕೆ ಅದೇ ತಲೆನೋವಾಗುತ್ತದೆ.

ನಿಜವಾದ ದೂರು ಇದ್ದರೆ? ಉದಾಹರಣೆಗೆ, ಒಬ್ಬರೇ ಡಾಕ್ಟರ್ ಒಂದೇ ಹೊತ್ತಿಗೆ ಎರಡು ಓಟಿ ನೋಡುವ ಪರಿಸ್ಥಿತಿ ಇದೆ ಅನ್ನಿ. ಅದು ರೋಗಿಯ ಜೀವದ ಪ್ರಶ್ನೆ, ಅದನ್ನು ಬರೆಯಲೇಬೇಕು. ಆದರೆ ಬೇರೆ ಪತ್ರದಲ್ಲಿ, ತಾರೀಕು ಮತ್ತು ಓಟಿ ನಂಬರ್ ಸಮೇತ, ಎಚ್‌ಒಡಿ ಆಗಿರುವಾಗಲೇ. ಎರಡನ್ನೂ ಒಂದೇ ಪತ್ರದಲ್ಲಿ ಕಲೆಸಿದರೆ ದೂರು ಸಿಟ್ಟಿನ ಮಾತಾಗಿ ಕಾಣುತ್ತದೆ, ಬಿಡುಗಡೆ ಕೋರಿಕೆ ವಿಚಾರಣೆಗೆ ಸಿಕ್ಕಿಕೊಳ್ಳುತ್ತದೆ.

ಪತ್ರ

ಒಂದು ಪುಟ ದಾಟಬಾರದು. ಇಂಗ್ಲಿಷಿನಲ್ಲಿ ಬರೆಯುವ ಕಡೆಯೂ ಕ್ರಮ ಇದೇ.

ಇವರಿಗೆ,
ಪ್ರಿನ್ಸಿಪಾಲರು, (ಕಾಲೇಜಿನ ಹೆಸರು)

ಇವರಿಂದ,
ಡಾ. (ಹೆಸರು), ಪ್ರೊಫೆಸರ್, ಅನಸ್ತೇಶಿಯಾ ವಿಭಾಗ, ಎಂಪ್ಲಾಯಿ ನಂಬರ್ (…)

ವಿಷಯ: ವಿಭಾಗ ಮುಖ್ಯಸ್ಥರ ಆಡಳಿತಾತ್ಮಕ ಹೊಣೆಯಿಂದ ಮಾತ್ರ ಬಿಡುಗಡೆ ಮಾಡಿ, ಪ್ರೊಫೆಸರ್ ಆಗಿ ಸೇವೆಯಲ್ಲಿ ಮುಂದುವರಿಸುವಂತೆ ಕೋರಿಕೆ.

ಉಲ್ಲೇಖ: ನನ್ನನ್ನು ವಿಭಾಗ ಮುಖ್ಯಸ್ಥೆಯಾಗಿ ನೇಮಿಸಿದ ಆದೇಶ ಸಂಖ್ಯೆ (…), ದಿನಾಂಕ (…).

ಮಾನ್ಯರೇ,

ಮೇಲಿನ ಆದೇಶದಂತೆ ನಾಲ್ಕು ವರ್ಷಗಳಿಂದ ಅನಸ್ತೇಶಿಯಾ ವಿಭಾಗದ ಮುಖ್ಯಸ್ಥೆಯಾಗಿ ಕೆಲಸ ಮಾಡುತ್ತಿದ್ದೇನೆ. ಇನ್ನು ಮುಂದೆ ನನ್ನ ಪೂರ್ತಿ ಸಮಯವನ್ನು ರೋಗಿಗಳ ಸೇವೆಗೆ ಮತ್ತು ಬೋಧನೆಗೆ ಕೊಡಲು ಬಯಸುತ್ತೇನೆ. ಆದ್ದರಿಂದ ಅಕ್ಟೋಬರ್ 1ರಿಂದ ಮುಖ್ಯಸ್ಥೆಯ ಆಡಳಿತಾತ್ಮಕ ಹೊಣೆಯಿಂದ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ಇದು ಸಂಸ್ಥೆಯ ಸೇವೆಗೆ ಅಥವಾ ಪ್ರೊಫೆಸರ್ ಹುದ್ದೆಗೆ ಕೊಡುತ್ತಿರುವ ರಾಜೀನಾಮೆ ಅಲ್ಲ. ಓಟಿ, ಪಿಎಸಿ ಒಪಿಡಿ, ಐಸಿಯು, ಇತರ ಪ್ರೊಫೆಸರುಗಳಂತೆ ಆನ್‌ಕಾಲ್, ಪಿಜಿ ಬೋಧನೆ ಹಾಗೂ ಈಗ ನನ್ನ ಮಾರ್ಗದರ್ಶನದಲ್ಲಿರುವ ಪಿಜಿಗಳ ಥೀಸಿಸ್ ಕೆಲಸ ಮುಂದುವರಿಸುತ್ತೇನೆ. ಮುಖ್ಯಸ್ಥರ ಭತ್ಯೆ ಬಿಟ್ಟು ನನ್ನ ಉಳಿದ ವೇತನ, ಸೀನಿಯಾರಿಟಿ ಮತ್ತು ಸೇವೆಯ ನಿರಂತರತೆಯಲ್ಲಿ ಬದಲಾವಣೆ ಆಗದಂತೆ ಆದೇಶ ನೀಡಬೇಕೆಂದು ಕೋರುತ್ತೇನೆ.

ಮುಖ್ಯಸ್ಥೆ ಎಂಬ ಕಾರಣಕ್ಕೆ ನಾನು ಸದಸ್ಯೆಯಾಗಿರುವ ಸಮಿತಿಗಳು ಹಾಗೂ ನನ್ನ ಹೆಸರಿನಲ್ಲಿರುವ ಇತರ ಹೊಣೆಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಚಾರ್ಜ್ ವಹಿಸಿಕೊಳ್ಳುವವರನ್ನು ಸೆಪ್ಟೆಂಬರ್ 10ರೊಳಗೆ ಸೂಚಿಸಿದರೆ, ಸ್ಟಾಕ್ ಮತ್ತು ಕಡತಗಳನ್ನು ಸೆಪ್ಟೆಂಬರ್ 30ರೊಳಗೆ ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ದಿನಾಂಕ)

ಪ್ರತಿ: ಮೆಡಿಕಲ್ ಸೂಪರಿಂಟೆಂಡೆಂಟ್, ಎಚ್‌ಆರ್ ವಿಭಾಗ.

"ಇದು ರಾಜೀನಾಮೆ ಅಲ್ಲ" ಎನ್ನುವ ವಾಕ್ಯವನ್ನು ಯಾರು ಏನೇ ಹೇಳಿದರೂ ತೆಗೆಯಬೇಡಿ. "ಅಷ್ಟು ಒರಟಾಗಿ ಯಾಕೆ, ಎಲ್ಲರಿಗೂ ಗೊತ್ತಲ್ವಾ" ಎಂದು ಹೇಳುವವರು ಸಿಗುತ್ತಾರೆ. ನಾಳೆ ಆ ಚೇಂಬರಿನಲ್ಲಿ ಬೇರೆಯವರು ಕೂತಿರಬಹುದು, ಪತ್ರ ಮಾತ್ರ ಫೈಲಿನಲ್ಲಿ ಇರುತ್ತದೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಇನ್‌ವರ್ಡ್ ಸೆಕ್ಷನ್‌ನಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲ್, ನಂಬರ್, ತಾರೀಕು ಹಾಕಿಸಿ. ಅಂದೇ ಸ್ಕ್ಯಾನ್ ಮಾಡಿ ಇಮೇಲ್ ಕಳಿಸಿ. ಎಚ್‌ಆರ್ ಪೋರ್ಟಲ್‌ನಲ್ಲಿ "Resignation" ಎಂಬ ಬಟನ್ ಇರುತ್ತದೆ, "ಫಾರ್ಮಾಲಿಟಿಗೆ ಅದರಲ್ಲೂ ಹಾಕಿಬಿಡಿ ಡಾಕ್ಟ್ರೇ" ಎಂದು ಯಾರಾದರೂ ಹೇಳಬಹುದು. ಒತ್ತಬೇಡಿ. ಅದು ಇಡೀ ಕೆಲಸ ಬಿಡುವವರಿಗೆ ಇರುವುದು. ಒತ್ತಿದರೆ ಕೊನೆಯ ದಿನಾಂಕ ತಾನಾಗಿಯೇ ದಾಖಲಾಗಬಹುದು.

ಉತ್ತರ ಬರದಿದ್ದರೆ, ತಪ್ಪು ಉತ್ತರ ಬಂದರೆ

ಹದಿನೈದು ದಿನ ಕಾಯಿರಿ. ಆಮೇಲೆ ಮೊದಲ ಪತ್ರದ ಇನ್‌ವರ್ಡ್ ನಂಬರ್ ಉಲ್ಲೇಖಿಸಿ ಮೂರು ಸಾಲಿನ ಜ್ಞಾಪನ ಪತ್ರ ಕೊಡಿ. ಹೊಸ ವಾದ ಏನೂ ಬೇಡ. ಅಕ್ಟೋಬರ್ 1 ಬಂದರೂ ಆದೇಶ ಇಲ್ಲದಿದ್ದರೆ, ದಯವಿಟ್ಟು ಅಂದೇ ಎಲ್ಲ ಕೈಬಿಟ್ಟು ಕೂರಬೇಡಿ. ಅನಸ್ತೇಶಿಯಾ ಡ್ಯೂಟಿ ಲಿಸ್ಟ್ ಇಲ್ಲದ ಒಂದು ರಾತ್ರಿ ಎಮರ್ಜೆನ್ಸಿ ಸಿಸೇರಿಯನ್ ಬಂದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಡ್ಯೂಟಿ ಲಿಸ್ಟ್ ಮಾತ್ರ ಇನ್ನು ಹದಿನೈದು ದಿನ ನೋಡಿಕೊಳ್ಳುತ್ತೇನೆ, ಖರೀದಿ ಮತ್ತು ಅಪ್ರೈಸಲ್ ಕಾಗದಕ್ಕೆ ಸಹಿ ಹಾಕುವುದಿಲ್ಲ, ಈ ಅವಧಿಯೊಳಗೆ ಬದಲಿ ವ್ಯವಸ್ಥೆ ಮಾಡಿ ಎಂದು ಲಿಖಿತವಾಗಿ ತಿಳಿಸಿ. ರೋಗಿಗೆ ತೊಂದರೆ ಆಗುವುದಿಲ್ಲ, ನಿಮ್ಮ ತಾರೀಕೂ ಉಳಿಯುತ್ತದೆ.

ತಪ್ಪು ದಾರಿ ಹಿಡಿದದ್ದು ಗೊತ್ತಾಗುವುದು ಸಣ್ಣ ಸಣ್ಣ ಕಾಗದಗಳಿಂದ. "ನಿಮ್ಮ ರಾಜೀನಾಮೆ ಸ್ವೀಕರಿಸಲಾಗಿದೆ" ಎಂಬ ಮೇಲ್, ನೋ ಡ್ಯೂಸ್ ಫಾರ್ಮ್, ಎಕ್ಸಿಟ್ ಇಂಟರ್‌ವ್ಯೂ ಕರೆ, ಉಳಿದ ರಜೆಯ ಲೆಕ್ಕ. ಇವುಗಳಲ್ಲಿ ಯಾವುದು ಬಂದರೂ ಅಂದೇ ಲಿಖಿತವಾಗಿ ಉತ್ತರಿಸಿ: ನನ್ನ ಇಂಥ ತಾರೀಕಿನ ಪತ್ರ ಸೇವೆಗೆ ರಾಜೀನಾಮೆ ಅಲ್ಲ, ಈ ಪ್ರಕ್ರಿಯೆ ನಿಲ್ಲಿಸಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಯಾವ ಫಾರ್ಮಿಗೂ ಸಹಿ ಬೇಡ.

ಚಾರ್ಜ್ ಒಪ್ಪಿಸುವುದು

ಮೊದಲು ಕಾನೂನಿನ ಕಾಗದಗಳು. ಅನಸ್ತೇಶಿಯಾದಲ್ಲಿ ಮುಖ್ಯವಾದದ್ದು ಮಾರ್ಫಿನ್, ಫೆಂಟನಿಲ್. 2015ರ ಎನ್‌ಡಿಪಿಎಸ್ ತಿದ್ದುಪಡಿ ನಿಯಮಗಳಂತೆ ಮಾನ್ಯತೆ ಪಡೆದ ಆಸ್ಪತ್ರೆ ಈ ಔಷಧಗಳಿಗೆ ಡಾಕ್ಟರುಗಳನ್ನು ಹೆಸರಿಸಬೇಕು, ಒಬ್ಬರಿಗಿಂತ ಜಾಸ್ತಿ ಇದ್ದರೆ ಒಬ್ಬರು ಒಟ್ಟಾರೆ ಹೊಣೆ ಹೊರಬೇಕು. ಆ ಹೆಸರು ಎಷ್ಟೋ ಸಲ ಎಚ್‌ಒಡಿಯದ್ದೇ ಆಗಿರುತ್ತದೆ. ಎಚ್‌ಒಡಿ ಆದೇಶ ಹಿಂಪಡೆದ ಮಾತ್ರಕ್ಕೆ ಈ ಹೆಸರು ತಾನಾಗಿ ಬದಲಾಗುವುದಿಲ್ಲ. ಫಾರ್ಮಸಿಗೆ ಹೋಗಿ ಯಾರ ಹೆಸರಿದೆ ಎಂದು ಕೇಳಿ, ನಿಮ್ಮದಿದ್ದರೆ ಪತ್ರದ ಲಗತ್ತಿನಲ್ಲಿ ಮೊದಲ ಸಾಲು ಅದೇ ಇರಲಿ. ಬೇರೆ ವಿಭಾಗಗಳಲ್ಲೂ ಇಂಥದ್ದು ಇರುತ್ತದೆ. ರೇಡಿಯಾಲಜಿಯಲ್ಲಿ ವಿಕಿರಣ ಸುರಕ್ಷತೆ ನೋಡುವ ಎಇಆರ್‌ಬಿಯ ಇ-ಲೋರಾ ಪೋರ್ಟಲ್‌ನಲ್ಲಿ ಆರ್‌ಎಸ್‌ಒ, ಅಂದರೆ ವಿಕಿರಣ ಸುರಕ್ಷತಾ ಅಧಿಕಾರಿ ಆಗಿ ನಿಮ್ಮ ಹೆಸರಿದ್ದರೆ ಅಲ್ಲೂ ಬದಲಾಗಬೇಕು.

ಆಮೇಲೆ ಎಣಿಕೆ. ಓಟಿ ಸಿಸ್ಟರ್ ಇನ್‌ಚಾರ್ಜ್, ಹೊಸ ಎಚ್‌ಒಡಿ, ನೀವು ಮೂವರೂ ನಿಂತು ಡಬಲ್ ಲಾಕ್ ಬೀರು ತೆಗೆಸಿ. ಫೆಂಟನಿಲ್ ಆಂಪ್ಯೂಲ್‌ಗಳನ್ನು ಒಂದೊಂದಾಗಿ ಎಣಿಸಿ, ರಿಜಿಸ್ಟರಿನ ಬಾಕಿಗೆ ಹೋಲಿಸಿ, ಅದರ ಕೆಳಗೆ ಗೆರೆ ಎಳೆದು, ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಮೂವರೂ ಸಹಿ ಮಾಡಿ, ಹೊತ್ತು ಬರೆಯಿರಿ. ಹೊಂದದಿದ್ದರೆ ಸಹಿ ಮಾಡಬೇಡಿ, ಎಷ್ಟು ವ್ಯತ್ಯಾಸ ಎಂದು ಅಂದೇ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಬರೆದು ತಿಳಿಸಿ. ಖಾಲಿ ಆಂಪ್ಯೂಲ್ ವಾಪಸ್ ಮಾಡಿದ್ದು, ಉಳಿದ ಔಷಧ ಚೆಲ್ಲಿದ್ದಕ್ಕೆ ಸಾಕ್ಷಿ ಸಹಿ ಬಿದ್ದಿದೆಯೇ ಎಂದು ಹಿಂದಿನ ಕೆಲವು ಪುಟ ತಿರುವಿ ನೋಡಿ. ವ್ಯತ್ಯಾಸ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ.

ವರ್ಕ್‌ಸ್ಟೇಷನ್, ಮಾನಿಟರ್, ಲ್ಯಾರಿಂಗೋಸ್ಕೋಪ್‌ಗಳನ್ನು ಡೆಡ್ ಸ್ಟಾಕ್ ರಿಜಿಸ್ಟರ್ ಹಿಡಿದು ತೋರಿಸಿ. ರಿಪೇರಿಗೆ ಹೋದದ್ದಕ್ಕೆ ಗೇಟ್ ಪಾಸ್ ನಂಬರ್ ಬರೆಯಿರಿ. ಬಾಕಿ ಇಂಡೆಂಟ್, ಮುಗಿಯುತ್ತಿರುವ ಎಎಂಸಿ, ಮುಗಿಯದ ಡೆತ್ ಆಡಿಟ್ ಇವುಗಳಿಗೆ ಒಂದು ಪುಟದ ಪಟ್ಟಿ ಸಾಕು.

ಅಕ್ಟೋಬರ್ 1ರ ನಂತರ ಎಚ್‌ಒಡಿ ಸೀಲ್ ನಿಮ್ಮ ಡ್ರಾಯರಿನಲ್ಲಿ ಇರಬಾರದು. ಕಂಪ್ಯೂಟರಿನಲ್ಲಿ ರಜೆ, ಇಂಡೆಂಟ್, ಬಿಲ್ ರಿಯಾಯಿತಿ ಮಂಜೂರು ಮಾಡುವ ಹಕ್ಕನ್ನು ನಿಮ್ಮ ಲಾಗಿನ್‌ನಿಂದ ತೆಗೆಸಿ, ರೋಗಿಯ ದಾಖಲೆ ನೋಡುವ ಹಕ್ಕು ಮಾತ್ರ ಉಳಿಯಬೇಕು. ಐಟಿಯವರು ಗಡಿಬಿಡಿಯಲ್ಲಿ ಎರಡನ್ನೂ ತೆಗೆದರೆ ಮರುದಿನ ಬೆಳಿಗ್ಗೆ ಪಿಎಸಿ ಒಪಿಡಿಯಲ್ಲಿ ರೋಗಿಯ ರಕ್ತ ಪರೀಕ್ಷೆಯ ವರದಿ ತೆರೆಯುವುದಿಲ್ಲ. ಹಾಗಾಗಿ ಹಿಂದಿನ ದಿನ ಸಂಜೆಯೇ ಒಮ್ಮೆ ಲಾಗಿನ್ ಆಗಿ ನೋಡಿ. ಡ್ಯೂಟಿ ಲಿಸ್ಟ್ ಹಾಕುವ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಹೊಸಬರನ್ನು ಮಾಡಿ. ಹಳೆಯ ಅಭ್ಯಾಸದಿಂದ ಪಿಜಿಗಳು ನಿಮಗೇ ರಜೆ ಕೇಳಿಕೊಂಡು ಬರುತ್ತಾರೆ. "ಸರ್ ಹತ್ತಿರ ಹೋಗಿ ಕೇಳಪ್ಪ" ಎಂದು ಕಳಿಸಿ. ಒಬ್ಬರಿಗೆ ಹ್ಞೂಂ ಅಂದರೂ ಹೊಸ ಎಚ್‌ಒಡಿಗೆ ಕೆಲಸ ಕಷ್ಟವಾಗುತ್ತದೆ.

ಬಿಡುಗಡೆ ಆದೇಶ ಕೈಗೆ ಬಂದಾಗ ನಿಂತಲ್ಲೇ ಓದಿ. "ಪ್ರೊಫೆಸರ್ ಆಗಿ ಮುಂದುವರಿಯುತ್ತಾರೆ" ಎಂಬ ಮಾತು ಇದೆಯೇ, ತಾರೀಕು ಸರಿಯಿದೆಯೇ, ವೇತನದ ಬಗ್ಗೆ ಏನು ಬರೆದಿದ್ದಾರೆ ನೋಡಿ. "ರಾಜೀನಾಮೆ ಅಂಗೀಕರಿಸಿದೆ" ಎಂದಷ್ಟೇ ಇದ್ದರೆ ತಿದ್ದಿ ಕೊಡಿ ಎಂದು ಅಂದೇ ಬರೆದು ಕೇಳಿ. ಅಕ್ಟೋಬರ್ ಸಂಬಳದ ಪೇಸ್ಲಿಪ್ ಬಂದ ಮೇಲೆ ಸೆಪ್ಟೆಂಬರಿನದ್ದರ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿ. ಎಚ್‌ಒಡಿ ಭತ್ಯೆಯ 20,000 ಮಾತ್ರ ಕಡಿಮೆಯಾಗಿರಬೇಕು, ಮೂಲ ವೇತನ ಮತ್ತು ಸೇರಿದ ದಿನಾಂಕ ಹಾಗೇ ಇರಬೇಕು.